ರಜೆ ಪತ್ರದಲ್ಲಿ ಗೌರವ ಎಷ್ಟಿರಬೇಕು? ಚಿಕ್ಕಬಳ್ಳಾಪುರದ ಒಂದು ಕಚೇರಿಯ ಪ್ರಕರಣ

ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಅಧೀಕ್ಷಕ. ನಮ್ಮ ಶಾಖೆಯವರು ಬರೆದ ರಜೆ ಪತ್ರ ಮೊದಲು ನನ್ನ ಮೇಜಿಗೆ ಬರುತ್ತದೆ. ನಾನು ನೋಡಿ ಸಹಿ ಹಾಕಿದ ಮೇಲೆ ಸಹಾಯಕ ನಿರ್ದೇಶಕರ ಕೊಠಡಿಗೆ ಹೋಗುತ್ತದೆ. ಹೀಗಾಗಿ ಎಷ್ಟೋ ಬಗೆಯ ರಜೆ ಪತ್ರ ಓದಿದ್ದೇನೆ. ಅವುಗಳಲ್ಲಿ ಒಂದೇ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿಡುತ್ತೇನೆ. ಒಬ್ಬಳೇ ಹುಡುಗಿ ಒಂದೇ ರಜೆಗೆ ಎರಡು ಪತ್ರ ಬರೆದಳು. ಒಂದರಲ್ಲಿ ಗೌರವ ಸಾಲದು, ಇನ್ನೊಂದರಲ್ಲಿ ಜಾಸ್ತಿ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಹದ ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ.

ಹುಡುಗಿ ನಮ್ಮಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಊರು ಬಾಗೇಪಲ್ಲಿ ತಾಲ್ಲೂಕಿನ ಆಂಧ್ರ ಗಡಿ ಕಡೆಯ ಒಂದು ಹಳ್ಳಿ. ಆ ಕಡೆಯ ಬಹಳಷ್ಟು ಮನೆಗಳಲ್ಲಿ ಇರುವ ಹಾಗೆ ಮನೆಮಾತು ತೆಲುಗು. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಜಿನಿಯರಿಂಗ್ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಸರಾಗವಾಗಿ ಮಾತಾಡುತ್ತಾಳೆ, ಕಡತದ ಟಿಪ್ಪಣಿಯೂ ಚೆನ್ನಾಗಿ ಬರೆಯುತ್ತಾಳೆ. ಆದರೆ ತನ್ನ ಸ್ವಂತ ವಿಷಯ ಇಟ್ಟುಕೊಂಡು ಮೇಲಿನವರಿಗೆ ಕನ್ನಡದಲ್ಲಿ ಪತ್ರ ಬರೆಯುವ ಪ್ರಸಂಗ ಆಕೆಗೆ ಅಲ್ಲಿಯವರೆಗೆ ಬಂದಿರಲಿಲ್ಲ.

2025ರ ಮಾರ್ಚ್ 9, ಭಾನುವಾರ ರಾತ್ರಿ ಊರಿನಲ್ಲಿ ಆಕೆಯ ಅಜ್ಜಿ ತೀರಿಕೊಂಡರು. ಸೋಮವಾರ ಬೆಳಿಗ್ಗೆ ನಮ್ಮ ಸಹಾಯಕ ನಿರ್ದೇಶಕರಾದ ಮೇಡಂ ಅವರಿಗೆ ವಾಟ್ಸಾಪ್ ಮಾಡಿ ಊರಿಗೆ ಹೊರಟಳು. ಸೋಮವಾರ ಮಣ್ಣು, ಬುಧವಾರ ಹಾಲುತುಪ್ಪ. ಗುರುವಾರ 13ಕ್ಕೆ ಕಚೇರಿಗೆ ಬಂದಳು. ಮುಂದಿನ ಬುಧವಾರ, ಅಂದರೆ 19ಕ್ಕೆ, ಹನ್ನೊಂದನೇ ದಿನದ ಕಾರ್ಯ ಇತ್ತು. ಅದಕ್ಕೂ ಒಂದು ದಿನ ರಜೆ ಬೇಕು. ಗುರುವಾರ ಬೆಳಿಗ್ಗೆ ಈ ಪತ್ರ ತಂದುಕೊಟ್ಟಳು:

"ಪ್ರೀತಿಯ ಮೇಡಂ,
ನನ್ನ ಅಜ್ಜಿ ಸತ್ತುಹೋದ ಕಾರಣ ನಾನು ಸೋಮವಾರದಿಂದ ಬುಧವಾರದವರೆಗೆ ರಜೆ ತೆಗೆದುಕೊಂಡಿದ್ದೆ ಎಂದು ನಿಮಗೆ ತಿಳಿಸಲು ಬಯಸುತ್ತೇನೆ. ಮುಂದಿನ ಬುಧವಾರ ಹನ್ನೊಂದನೇ ದಿನದ ಕಾರ್ಯ ಇರುವುದರಿಂದ ಅಂದೂ ರಜೆ ತೆಗೆದುಕೊಳ್ಳುತ್ತೇನೆ. ದಯವಿಟ್ಟು ಮಂಜೂರು ಮಾಡಿ.
ಧನ್ಯವಾದಗಳು."

ಇದರಲ್ಲಿ ಬೈಗುಳ ಇಲ್ಲ, ಒರಟುತನ ಇಲ್ಲ. "ದಯವಿಟ್ಟು" ಇದೆ, "ಧನ್ಯವಾದ" ಇದೆ. ಆದರೂ ಓದಿದವರಿಗೆ ಏನೋ ತಟ್ಟುತ್ತದೆ. ಎಲ್ಲಿ ತಟ್ಟುತ್ತದೆ ಅಂತ ಹುಡುಕಿದರೆ ಕ್ರಿಯಾಪದಗಳಲ್ಲಿ ಸಿಗುತ್ತದೆ. "ರಜೆ ತೆಗೆದುಕೊಂಡಿದ್ದೆ", "ತೆಗೆದುಕೊಳ್ಳುತ್ತೇನೆ". ಎರಡು ಕಡೆಯೂ ತೀರ್ಮಾನ ಬರೆದವಳದ್ದು. ಅದನ್ನು ಮೇಡಂ ಅವರಿಗೆ ತಿಳಿಸುವುದು ಮಾತ್ರ ಬಾಕಿ ಅನ್ನೋ ಹಾಗಿದೆ. ಕೊನೆಯಲ್ಲಿ ಬರುವ "ಮಂಜೂರು ಮಾಡಿ" ಆಗಲೇ ಆಗಿಹೋದ ಕೆಲಸಕ್ಕೆ ಮೊಹರು ಒತ್ತಿ ಅಂದ ಹಾಗೆ ಕೇಳಿಸುತ್ತದೆ. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಅನ್ನೋದು ನಮ್ಮ ಸೇವಾ ನಿಯಮಗಳ ಮೂಲ ಮಾತು. ಕೊಡುವುದು ಬಿಡುವುದು ಮಂಜೂರು ಮಾಡುವ ಅಧಿಕಾರಿಗೆ ಬಿಟ್ಟದ್ದು. ಪತ್ರದ ಭಾಷೆ ಆ ಜಾಗವನ್ನು ಅವರಿಗೆ ಬಿಟ್ಟುಕೊಡಬೇಕು. ಎಷ್ಟು "ದಯವಿಟ್ಟು" ಸೇರಿಸಿದರೂ "ತೆಗೆದುಕೊಳ್ಳುತ್ತೇನೆ" ಇರುವವರೆಗೆ ಪತ್ರ ಮೆತ್ತಗಾಗುವುದಿಲ್ಲ.

ನಾನು ಸಹಿ ಹಾಕದೆ ವಾಪಸ್ ಕೊಟ್ಟೆ. "ನೋಡಮ್ಮ, ಇದನ್ನ ಹೀಗೇ ಕಳಿಸಿದರೂ ಮೇಡಂ ರಜೆ ಕೊಡ್ತಾರೆ. ಆದರೆ ಇದು ಕೇಳಿದ ಹಾಗಿಲ್ಲ, ಹೇಳಿದ ಹಾಗಿದೆ. ಇನ್ನೊಂದು ಸಲ ಬರೀ" ಅಂದೆ. ಅಷ್ಟರಲ್ಲಿ ಒಂದು ಸಭೆಗೆ ಕರೆ ಬಂತು, ಜಾಸ್ತಿ ವಿವರಿಸಲು ಆಗಲಿಲ್ಲ.

ಆಕೆಗೆ ನನ್ನ ಮಾತಿನಿಂದ ಗಾಬರಿಯಾಗಿತ್ತು. ಊಟದ ಹೊತ್ತಿಗೆ ಹೊರಗೆ ಹೋಗಿ, ತಾಲ್ಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುವ ಒಬ್ಬ ಹಿರಿಯರ ಹತ್ತಿರ ಹೇಳಿ ಬರೆಸಿಕೊಂಡು ಬಂದಳು. ಎರಡನೇ ಪತ್ರ ಹೀಗಿತ್ತು:

"ಪರಮಪೂಜ್ಯರೂ ದಯಾಮಯಿಗಳೂ ಆದ ಸಹಾಯಕ ನಿರ್ದೇಶಕರು ರವರ ದಿವ್ಯ ಸನ್ನಿಧಿಗೆ ಅನಂತ ನಮಸ್ಕಾರಗಳು. ನಮ್ಮ ಅಜ್ಜಿಯವರು ತಮ್ಮ ಮನೆಯಲ್ಲಿ ದೈವಾಧೀನರಾಗಿದ್ದು, ಸದರಿ ಕಾರಣದಿಂದ ಕಚೇರಿಗೆ ಬರಲಾಗದ ನನ್ನ ಅಪರಾಧವನ್ನು ಕ್ಷಮಿಸಿ, ನಿಮ್ಮ ಕರುಣೆಯಿಂದ ರಜೆಯನ್ನು ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ.
ತಮ್ಮ ಪಾದಸೇವಕಿ."

ಬರೆದುಕೊಟ್ಟವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿ ಬರೆಸಿಕೊಳ್ಳಲು ಬರುವವರು ಬೇರೆ ಜನ. ಪಹಣಿಯಲ್ಲಿ ಹೆಸರು ಬಿಟ್ಟುಹೋದವರು, ಪಿಂಚಣಿ ನಿಂತವರು. ಎದುರಿಗಿರುವ ಅಧಿಕಾರಿ ಯಾರು, ಹೇಗೆ ಅಂತ ಗೊತ್ತಿಲ್ಲದವರಿಗಾಗಿ ಅವರು ಆ ಭಾಷೆ ಕಟ್ಟಿಕೊಂಡಿದ್ದಾರೆ. ಆದರೆ ದಿನವೂ ಅದೇ ಕಚೇರಿಯಲ್ಲಿ ಕೆಲಸ ಮಾಡುವ ನೌಕರಳ ಕೈಯಲ್ಲಿ ಅದು ಹೊಂದುವುದಿಲ್ಲ. ಅಜ್ಜಿ ತೀರಿಕೊಂಡಾಗ ಊರಿಗೆ ಹೋದದ್ದು ಅಪರಾಧ ಹೇಗಾಗುತ್ತದೆ? ಮೇಡಂ ಇದನ್ನು ಓದಿದ್ದರೆ ಅವರಿಗೆ ಖುಷಿಯಾಗುತ್ತಿರಲಿಲ್ಲ, ಮುಜುಗರ ಆಗುತ್ತಿತ್ತು. "ನಾನೇನು ಇವಳಿಗೆ ಅಷ್ಟು ಹೆದರಿಸಿದ್ದೀನಾ" ಅಂತ ಅನ್ನಿಸುತ್ತಿತ್ತು. ಪತ್ರದಲ್ಲಿ ಗೌರವ ಜಾಸ್ತಿಯಾದರೆ ಆಗುವ ತೊಂದರೆ ಇದು. ಓದುವವರನ್ನು ಅವರಿಗೆ ಬೇಡದ ಪೀಠದಲ್ಲಿ ಕೂರಿಸಿಬಿಡುತ್ತದೆ.

ಸಂಜೆ ಐದರ ಮೇಲೆ ಇಬ್ಬರೂ ಕೂತು ಮೂರನೇ ಪತ್ರ ಬರೆದೆವು. ಮೊದಲು ಬಂದ ಪ್ರಶ್ನೆ ಸಂಬೋಧನೆಯದು.

ಕನ್ನಡದಲ್ಲಿ ಗೌರವದ ಮಾತುಗಳು ಬೇಕಾದಷ್ಟಿವೆ. ಆದರೆ ಒಂದೊಂದಕ್ಕೂ ಅದರದೇ ಮನೆ ಇದೆ. "ಪೂಜ್ಯ", "ಪರಮಪೂಜ್ಯ" ಗುರುಗಳಿಗೆ, ಸ್ವಾಮೀಜಿಗಳಿಗೆ. ಮಠಕ್ಕೆ ಬರೆಯುವ ಪತ್ರದಲ್ಲಿ ಅದು ಸಹಜ. "ತೀರ್ಥರೂಪ" ತಂದೆಗೆ, "ಮಾತೃಶ್ರೀ" ತಾಯಿಗೆ. ಹಳೆಯ ಕಾಲದ ಮನೆ ಪತ್ರಗಳಲ್ಲಿ "ತೀರ್ಥರೂಪ ತಂದೆಯವರಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು" ಅಂತಲೇ ಶುರುವಾಗುತ್ತಿತ್ತು. "ಘನತೆವೆತ್ತ" ರಾಜ್ಯಪಾಲರಿಗೆ, "ಸನ್ಮಾನ್ಯ" ಮಂತ್ರಿಗಳಿಗೆ, ಶಾಸಕರಿಗೆ, "ಗೌರವಾನ್ವಿತ" ನ್ಯಾಯಾಧೀಶರಿಗೆ. ಕಚೇರಿಯ ಮೇಲಧಿಕಾರಿಗೆ "ಮಾನ್ಯರೇ". ಅಷ್ಟೇ ಸಾಕು. ಅದಕ್ಕಿಂತ ಮೇಲಿನದನ್ನು ತಂದರೆ ಇನ್ನೊಬ್ಬರ ಮನೆಯ ಪಾತ್ರೆ ತಂದು ಬಡಿಸಿದ ಹಾಗೆ.

"ಸರ್, ಮೇಡಂ ಹೆಂಗಸು ಅಲ್ವಾ? ಮಾನ್ಯರೇ ಅಂದರೆ ಗಂಡಸರಿಗೆ ಬರೆದ ಹಾಗೆ ಆಗಲ್ವಾ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲೇ ತಡವರಿಸುತ್ತಾರೆ. ಆಗುವುದಿಲ್ಲ. "ಅವರು" ಅನ್ನೋದು ಹೇಗೆ ಗಂಡಸು ಹೆಂಗಸು ಇಬ್ಬರಿಗೂ ನಡೆಯುತ್ತದೋ "ಮಾನ್ಯರು" ಅನ್ನೋದೂ ಹಾಗೇ. ಗೌರವದ ಬಹುವಚನಕ್ಕೆ ಲಿಂಗ ಇಲ್ಲ. "ಮಾನ್ಯ ಮೇಡಂ ಅವರೇ" ಅಂತಲೂ ಕೆಲವರು ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ಬಾಯಿಮಾತು ಕಾಗದಕ್ಕೆ ಇಳಿದಂತೆ ಕಾಣುತ್ತದೆ. ಎದುರಿಗೆ ನಿಂತಾಗ ಮೇಡಂ, ಕಾಗದದ ಮೇಲೆ ಮಾನ್ಯರೇ. ನಮ್ಮ ಕಚೇರಿಗಳಲ್ಲಿ ರೂಢಿ ಹಾಗೆ.

"ಪ್ರೀತಿಯ" ಅಂತ ಆಕೆ ಯಾಕೆ ಬರೆದಳು ಅನ್ನೋದೂ ಆಗಲೇ ಗೊತ್ತಾಯಿತು. ಇಂಗ್ಲಿಷ್ ಪತ್ರದಲ್ಲಿ ಯಾರಿಗೆ ಬರೆದರೂ ಮೊದಲಿಗೆ ಬರುವ ಮಾತನ್ನು ಹಾಗೇ ಕನ್ನಡಕ್ಕೆ ತಂದಿದ್ದಳು. ಅಲ್ಲಿ ಅದು ಬರೀ ಶಿಷ್ಟಾಚಾರ. ಕನ್ನಡದಲ್ಲಿ ಪ್ರೀತಿ ಅಂದರೆ ಪ್ರೀತಿಯೇ. ತಂಗಿಗೆ, ಗೆಳತಿಗೆ, ಮಗನಿಗೆ ಬರೆಯುವಾಗ ಚೆಂದ.

ಇದರ ಹಿಂದೆ ಇನ್ನೊಂದು ಎಳೆ ಇತ್ತು. ನಮ್ಮ ಮೇಡಂ ಕೂಡ ಬಾಗೇಪಲ್ಲಿ ಕಡೆಯವರೇ. ಕಾರಿಡಾರಿನಲ್ಲಿ ಸಿಕ್ಕಾಗ ಇಬ್ಬರೂ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಾರೆ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕರೆ ಹುಡುಗಿ "ಅಕ್ಕಾ" ಅಂತಲೇ ಕರೆಯುತ್ತಾಳೆ. ಅಕ್ಕ ಅನ್ನುವಷ್ಟು ಹತ್ತಿರದವರಿಗೆ ಮಾನ್ಯರೇ ಅಂತ ಬರೆದರೆ ದೂರ ಮಾಡಿದ ಹಾಗಾಗುತ್ತದೆ ಅನ್ನೋ ಸಂಕೋಚ ಆಕೆಗೆ. ನಾನು ನನ್ನದೇ ಉದಾಹರಣೆ ಹೇಳಿದೆ. ಮೇಡಂ ನನಗಿಂತ ವಯಸ್ಸಿನಲ್ಲಿ ಸುಮಾರು ಚಿಕ್ಕವರು. ನನ್ನ ಮನೆಗೆ ಬಂದರೆ ನನ್ನ ಹೆಂಡತಿ ಅವರನ್ನು "ಬಾಮ್ಮ" ಅಂತ ಒಳಗೆ ಕರೆಯುತ್ತಾಳೆ. ಆದರೆ ನಾನು ಅವರಿಗೆ ರಜೆ ಪತ್ರ ಬರೆದಾಗ "ಮಾನ್ಯರೇ", "ತಮ್ಮಲ್ಲಿ ಕೋರುತ್ತೇನೆ" ಅಂತಲೇ ಬರೆಯುತ್ತೇನೆ. ಆ ಪತ್ರ ನಾಳೆ ಇನ್ನೊಬ್ಬರು ಅದೇ ಕುರ್ಚಿಗೆ ಬಂದಾಗಲೂ ಕಡತದಲ್ಲಿ ಇರುತ್ತದೆ. ನಂಟು ನೋಡಿ ಬರೆದ ಪತ್ರ ಆಗ ಮೇಡಂ ಅವರಿಗೇ ಮುಜುಗರ ತರಬಹುದು, ತಮ್ಮ ಊರಿನವಳಿಗೆ ಸಲುಗೆ ಕೊಟ್ಟರು ಅಂತ.

ಅದೇ ಕಾರಣಕ್ಕೆ ವಿಳಾಸದಲ್ಲೂ ಮೇಡಂ ಹೆಸರು ಬೇಡ ಅಂದೆ. ಹುದ್ದೆ ಸಾಕು. ಎರಡನೇ ಪತ್ರದಲ್ಲಿ "ಸಹಾಯಕ ನಿರ್ದೇಶಕರು ರವರ" ಅಂತ ಇತ್ತಲ್ಲ, ಅದು ನಮ್ಮ ಕಚೇರಿಗಳಲ್ಲಿ ಎಲ್ಲ ಕಡೆ ಕಾಣುವ ರೂಪ. "ನಿರ್ದೇಶಕರು" ಅನ್ನೋದರಲ್ಲೇ ಗೌರವದ ಬಹುವಚನ ಬಂದಾಯಿತು. ಅದರ ಮುಂದೆ "ರವರು" ಇನ್ನೊಂದು ಸಲ ಅಂಟಿಸುವುದು ಬೇಕಿಲ್ಲ. "ಇವರಿಗೆ" ಅಂತ ಮೇಲೆ ಬರೆದು, ಕೆಳಗೆ "ಸಹಾಯಕ ನಿರ್ದೇಶಕರು" ಅಂದರೆ ಸರಿಹೋಗುತ್ತದೆ. ಹೆಸರು ಬರೆಯಲೇಬೇಕಾದಾಗ ಹೆಸರಿನ ಮುಂದೆ "ಅವರಿಗೆ" ಅಂತ ಬಿಡಿಸಿ ಬರೆದರೆ ಚೆಂದ. ತನ್ನ ಹೆಸರಿನ ಹಿಂದೆ ಮಾತ್ರ ಏನೂ ಹಾಕಿಕೊಳ್ಳಬಾರದು. ಹುಡುಗಿ ಸಹಿಯ ಕೆಳಗೆ "ಕುಮಾರಿ" ಅಂತ ಬರೆದಿದ್ದಳು. ಅದನ್ನು ತೆಗೆಸಿದೆ. ಗೌರವದ ಮಾತನ್ನು ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ನಮಗೆ ನಾವೇ ಕೊಟ್ಟುಕೊಳ್ಳುವುದಿಲ್ಲ.

ಇನ್ನು "ತಾವು". ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ.

"ನೀವು" ಗೌರವದ ಮಾತೇ. ದಿನನಿತ್ಯ ಹಿರಿಯರ ಜೊತೆ ಅದರಲ್ಲೇ ಮಾತಾಡುತ್ತೇವೆ. ಪತ್ರದಲ್ಲಿ ಮೇಲಿನವರಿಗೆ ಬರೆಯುವಾಗ ಇನ್ನೊಂದು ಮೆಟ್ಟಿಲು ಹತ್ತಿ "ತಾವು" ಅನ್ನುತ್ತೇವೆ. ಹತ್ತಿದ ಮೇಲೆ ಅಲ್ಲೇ ಇರಬೇಕು. ಎರಡನೇ ಪತ್ರ ನೋಡಿ. "ನಿಮ್ಮ ಕರುಣೆಯಿಂದ" ಅಂತ ಒಂದು ಕಡೆ, "ತಮ್ಮ ಪಾದಸೇವಕಿ" ಅಂತ ಇನ್ನೊಂದು ಕಡೆ. ಹೀಗೆ ಹತ್ತಿ ಇಳಿದರೆ ಗೌರವ ಬಾಯಿಪಾಠದ್ದು ಅಂತ ಓದುವವರಿಗೆ ತಿಳಿದುಹೋಗುತ್ತದೆ. ಪೂರ್ತಿ ಪತ್ರ "ನೀವು, ನಿಮ್ಮ" ಅಂತಲೇ ಇದ್ದರೂ ಪರವಾಗಿಲ್ಲ, ಬೆರಕೆ ಮಾತ್ರ ಬೇಡ. ಪತ್ರ ಮುಗಿದ ಮೇಲೆ ಒಂದು ಸಲ "ನಿಮ್ಮ", "ನಿಮಗೆ", "ನೀವು" ಎಲ್ಲೆಲ್ಲಿ ನುಸುಳಿವೆ ಅಂತ ಬೆರಳಿಟ್ಟು ನೋಡುವುದು ಒಳ್ಳೆಯದು.

ಆದರೆ "ತಾವು" ಬಳಸುವಾಗ ಒಂದು ಹಳ್ಳ ಇದೆ, ಆ ಹಳ್ಳಕ್ಕೇ ಎರಡನೇ ಪತ್ರ ಬಿದ್ದಿತ್ತು. "ನಮ್ಮ ಅಜ್ಜಿಯವರು ತಮ್ಮ ಮನೆಯಲ್ಲಿ ದೈವಾಧೀನರಾಗಿದ್ದು." ಬರೆದವರ ಮನಸ್ಸಿನಲ್ಲಿ ಇದ್ದದ್ದು ಅಜ್ಜಿಯ ಸ್ವಂತ ಮನೆ. ಕನ್ನಡದಲ್ಲಿ "ತಮ್ಮ" ಅನ್ನೋದು ಎರಡು ಕೆಲಸ ಮಾಡುತ್ತದೆ. "ಅವರು ತಮ್ಮ ಮನೆಗೆ ಹೋದರು" ಅಂದಾಗ ಅವರದೇ ಮನೆ. "ತಮ್ಮ ಮನೆಗೆ ಬರುತ್ತೇನೆ" ಅಂದಾಗ ಎದುರಿಗಿರುವವರ ಮನೆ. ಪತ್ರದ ಉದ್ದಕ್ಕೂ ಮೇಡಂ ಅವರನ್ನು "ತಮ್ಮ" ಅಂತ ಕರೆದು, ನಡುವೆ ಅಜ್ಜಿಗೂ "ತಮ್ಮ" ಅಂದರೆ, ಅಜ್ಜಿ ಸಹಾಯಕ ನಿರ್ದೇಶಕರ ಮನೆಯಲ್ಲಿ ತೀರಿಕೊಂಡರು ಅಂತ ಓದಿಕೊಳ್ಳಬಹುದು. ಸಾವಿನ ಸುದ್ದಿ ಇರುವ ಪತ್ರದಲ್ಲಿ ಇಂಥ ಗೊಂದಲ ಯಾರಿಗೂ ಬೇಡ. ಇದಕ್ಕೆ ಪರಿಹಾರ ಸುಲಭ. ಪತ್ರದಲ್ಲಿ "ತಮ್ಮ" ಅನ್ನುವುದನ್ನು ಮೇಲಧಿಕಾರಿಗೆ ಮಾತ್ರ ಮೀಸಲಿಡಬೇಕು. ಬೇರೆ ಯಾರ ವಿಷಯ ಬಂದರೂ "ಸ್ವಂತ", "ಸ್ವಗ್ರಾಮ", "ಅವರ", "ನಮ್ಮ" ಅಂತ ದಾರಿ ಬದಲಿಸಬೇಕು. ನಾವು "ನಮ್ಮ ಸ್ವಗ್ರಾಮದಲ್ಲಿ" ಅಂತ ಬರೆದೆವು.

"ನನ್ನ ಅಜ್ಜಿ" ಅನ್ನೋದು "ನಮ್ಮ ಅಜ್ಜಿಯವರು" ಆಯಿತು. ಮೇಲಧಿಕಾರಿಯ ಮುಂದೆ ನಮ್ಮ ಮನೆಯ ಹಿರಿಯರಿಗೆ "ಅವರು" ಹಚ್ಚಬಹುದಾ ಅಂತ ಕೆಲವರಿಗೆ ಅನುಮಾನ. ಧಾರಾಳವಾಗಿ ಹಚ್ಚಬಹುದು. ತಂದೆಯವರು, ತಾಯಿಯವರು, ಅಜ್ಜಿಯವರು ಅಂತ ಬರೆದರೆ ಅಧಿಕಾರಿಯ ಗೌರವ ಕಡಿಮೆಯಾಗುವುದಿಲ್ಲ. "ಸತ್ತುಹೋದ" ಅನ್ನೋದನ್ನು ಮಾತ್ರ ಕಾಗದದಲ್ಲಿ ಇಡಲಾಗದು, ಅದೂ ಹೆತ್ತ ಹಿರಿಯರ ವಿಷಯದಲ್ಲಿ. "ತೀರಿಕೊಂಡರು" ಅಂದರೆ ಮನೆಯ ಮಾತು, ಗೌರವವೂ ಇದೆ. "ನಿಧನರಾದರು" ಅಂದರೆ ಕಚೇರಿಯ ಮಾತು. ಎರಡರಲ್ಲಿ ಯಾವುದಾದರೂ ಸರಿ. "ದೈವಾಧೀನರಾದರು", "ಶಿವೈಕ್ಯರಾದರು" ಅನ್ನುವಂಥವು ಆಯಾ ಮನೆಯ ನಂಬಿಕೆಗೆ ಸೇರಿದ್ದು, ತಿಥಿ ಕಾರ್ಡಿನಲ್ಲಿ ಇರಲಿ. "ನಿಧನರಾಗಿರುತ್ತಾರೆ" ಅಂತ ಎಳೆಯುವ ಅಭ್ಯಾಸವೂ ನಮ್ಮ ಕಚೇರಿಗಳಲ್ಲಿದೆ. "ಹಾಜರಾಗಿರುತ್ತೇನೆ", "ಸಲ್ಲಿಸಿರುತ್ತೇನೆ" ಅಂತ ಎಲ್ಲಕ್ಕೂ "ಇರುತ್ತೇನೆ" ಸೇರಿಸಿದರೆ ಗೌರವ ಬಂತು ಅಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ವಾಕ್ಯ ಉದ್ದವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಕೇಳುವ ಮಾತಿಗೆ ಬಂದೆವು. "ರಜೆ ಕೊಡಿ" ಅನ್ನೋದು ಬಹುವಚನವಾದರೂ ಅಪ್ಪಣೆ. "ಬೇಡಿಕೊಳ್ಳುತ್ತೇನೆ" ಅನ್ನೋದು ದೇವರ ಮುಂದೆ ನಿಲ್ಲುವ ಭಂಗಿ. ಇವೆರಡರ ನಡುವೆ "ಮಂಜೂರು ಮಾಡಬೇಕೆಂದು ಕೋರುತ್ತೇನೆ" ಇದೆ. "ವಿನಂತಿಸುತ್ತೇನೆ" ಅಂದರೆ ಇನ್ನೂ ಸ್ವಲ್ಪ ಬಾಗಿದ ಹಾಗೆ. "ಪ್ರಾರ್ಥಿಸುತ್ತೇನೆ" ಅಂತ ಶಾಲೆಯಲ್ಲಿ ಕಲಿಸುತ್ತಾರೆ, ಹಳಬರು ಈಗಲೂ ಬರೆಯುತ್ತಾರೆ. ನೌಕರಳ ರಜೆಗೆ ನನ್ನ ಮತ "ಕೋರುತ್ತೇನೆ"ಗೆ. ಇಲ್ಲಿ ಕೆಲಸ ಮಾಡುತ್ತಿರುವುದು "ಬೇಕೆಂದು" ಅನ್ನುವ ಸಣ್ಣ ತುಂಡು. "ಮಾಡಿ" ಅಂತ ನೇರವಾಗಿ ಹೇಳುವ ಬದಲು, ಮಾಡಬೇಕೆಂಬುದು ನನ್ನ ಕೋರಿಕೆ ಅಂತ ಹೇಳಿ ನಿಲ್ಲುತ್ತದೆ. ಮಾಡುವುದು ಅವರಿಗೆ ಬಿಟ್ಟದ್ದು ಅನ್ನೋದು ವಾಕ್ಯದ ಕಟ್ಟಿನಲ್ಲೇ ಬಂದುಬಿಡುತ್ತದೆ. ಹಾಗಾಗಿ ಇದರ ಹಿಂದೆ "ದಯವಿಟ್ಟು", "ದಯಮಾಡಿ", "ಕೃಪೆಯಿಟ್ಟು" ಎಲ್ಲ ಸಾಲಾಗಿ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ.

ಇಲ್ಲಿ ಒಂದು ತೊಡಕು ಎದುರಾಯಿತು. ಮೂರು ದಿನ ಆಗಲೇ ಮುಗಿದಿವೆ, ನಾಲ್ಕನೆಯದು ಇನ್ನೂ ಬರಬೇಕು. ಹುಡುಗಿ ಎರಡನ್ನೂ ಒಂದೇ ಪತ್ರದಲ್ಲಿ ತುರುಕಿದ್ದಳು. ಬೇರೆ ಬೇರೆ ಬರೆಯಲು ಹೇಳಿದೆ. ಆಗಿಹೋದ ಗೈರುಹಾಜರಿಯನ್ನು ರಜೆಯೆಂದು ಪರಿಗಣಿಸಿ ಅನ್ನುವುದು ಒಂದು ಕೋರಿಕೆ, ಮುಂದಿನ ಬುಧವಾರ ಹೋಗಲು ಬಿಡಿ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮೇಡಂ ಕಣ್ಣುಮುಚ್ಚಿ ಸಹಿ ಹಾಕಬಹುದು. ಎರಡನೆಯದಕ್ಕೆ ಆ ದಿನ ಬೇರೆ ಯಾರು ರಜೆಯಲ್ಲಿದ್ದಾರೆ, ಕೆಲಸ ಯಾರು ನೋಡುತ್ತಾರೆ ಅಂತ ಯೋಚಿಸಬೇಕಾಗುತ್ತದೆ. ಒಂದೇ ಕಾಗದದಲ್ಲಿ ಎರಡೂ ಇದ್ದರೆ ಎರಡೂ ಮೇಜಿನ ಮೇಲೇ ಉಳಿಯುತ್ತವೆ. ಮೇಲಿನವರ ಕೆಲಸ ಹಗುರ ಮಾಡುವುದೂ ಅವರಿಗೆ ಕೊಡುವ ಗೌರವವೇ ಅಂತ ನಾನು ನಂಬುತ್ತೇನೆ. ಅದಕ್ಕೇ "ಸೋಮವಾರದಿಂದ ಬುಧವಾರದವರೆಗೆ" ಅನ್ನುವ ಕಡೆ ದಿನಾಂಕ ಬರೆಸಿ, ಪಕ್ಕದಲ್ಲಿ ಎಷ್ಟು ದಿನ ಅಂತಲೂ ಹಾಕಿಸಿದೆ. "ವರೆಗೆ" ಅಂದಾಗ ಕೊನೆಯ ದಿನ ಸೇರಿತೋ ಇಲ್ಲವೋ ಅಂತ ಮೇಡಂ ಕ್ಯಾಲೆಂಡರ್ ನೋಡುವ ಹಾಗಾಗಬಾರದು. ಯಾವ ರಜೆ ಅನ್ನೋದೂ ಸ್ಪಷ್ಟವಾಗಿರಬೇಕು. ಇದು ಸಾಂದರ್ಭಿಕ ರಜೆ. ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 15 ಇದ್ದದ್ದು, 2019ರಲ್ಲಿ ನಾಲ್ಕನೇ ಶನಿವಾರ ರಜೆಯಾದಾಗ 10ಕ್ಕೆ ಇಳಿಯಿತು. ಬರೀ "ರಜೆ" ಅಂತ ಬರೆದರೆ ಗಳಿಕೆ ರಜೆಯೋ ಸಾಂದರ್ಭಿಕವೋ ಅಂತ ಮತ್ತೆ ಕರೆದು ಕೇಳಬೇಕು.

ಕೊನೆಯ ಸಾಲುಗಳಿಗೆ ಹೆಚ್ಚು ಚರ್ಚೆ ಆಗಲಿಲ್ಲ. "ಧನ್ಯವಾದಗಳು" ತೆಗೆದು "ವಂದನೆಗಳೊಂದಿಗೆ" ಹಾಕಿಸಿದೆ. ಕೊಡುವ ಮುಂಚೆಯೇ ಧನ್ಯವಾದ ಹೇಳಿದರೆ, ಕೊಟ್ಟೇ ಕೊಡುತ್ತೀರಿ ಅಂತ ಮೊದಲೇ ಎಣಿಸಿದ ಹಾಗೆ ನನಗೆ ಅನ್ನಿಸುತ್ತದೆ. ಈಚೆಗೆ ಎಲ್ಲರೂ ಬರೆಯುತ್ತಾರೆ, ತಪ್ಪು ಅಂತ ಯಾರೂ ಎತ್ತಿ ತೋರಿಸುವುದಿಲ್ಲ. ವಂದನೆಗೆ ಮಾತ್ರ ಎಲ್ಲ ಕಾಲದಲ್ಲೂ ಜಾಗ ಇದೆ. "ಪಾದಸೇವಕಿ" ಹೋಗಿ "ತಮ್ಮ ವಿಶ್ವಾಸಿ" ಬಂತು. "ತಮ್ಮ ವಿಧೇಯ ವಿದ್ಯಾರ್ಥಿ" ಅಂತ ಶಾಲೆಯಲ್ಲಿ ಕಲಿತದ್ದು ನೆನಪಾಗಿ "ವಿಧೇಯಳು ಅಂತ ಹಾಕ್ಲಾ ಸರ್?" ಅಂದಳು. ವಿಧೇಯತೆ ಗುರುಶಿಷ್ಯರ ನಡುವಿನದು. ನೌಕರರ ನಡುವೆ ವಿಶ್ವಾಸ ಸಾಕು, ಅದು ಗಂಡಿಗೂ ಹೆಣ್ಣಿಗೂ ಒಂದೇ ರೂಪದಲ್ಲಿ ನಡೆಯುತ್ತದೆ.

ಕೊನೆಗೆ ಸಿದ್ಧವಾದ ಪತ್ರ ಇದು:

ದಿನಾಂಕ: 13-03-2025
ಸ್ಥಳ: ಚಿಕ್ಕಬಳ್ಳಾಪುರ

ಇವರಿಂದ:
(ಹೆಸರು)
ದ್ವಿತೀಯ ದರ್ಜೆ ಸಹಾಯಕಿ, (ಶಾಖೆ)

ಇವರಿಗೆ:
ಸಹಾಯಕ ನಿರ್ದೇಶಕರು,
(ಕಚೇರಿ), ಚಿಕ್ಕಬಳ್ಳಾಪುರ

ಮುಖಾಂತರ: ಅಧೀಕ್ಷಕರು, (ಶಾಖೆ)

ಮಾನ್ಯರೇ,

ವಿಷಯ: ದಿನಾಂಕ 10-03-2025ರಿಂದ 12-03-2025ರವರೆಗೆ ಮೂರು ದಿನಗಳ ಸಾಂದರ್ಭಿಕ ರಜೆ ಮಂಜೂರು ಮಾಡುವ ಕುರಿತು.

ನಮ್ಮ ಅಜ್ಜಿಯವರು (ತಂದೆಯ ತಾಯಿ) ದಿನಾಂಕ 09-03-2025ರ ರಾತ್ರಿ ಬಾಗೇಪಲ್ಲಿ ತಾಲ್ಲೂಕಿನ ನಮ್ಮ ಸ್ವಗ್ರಾಮದಲ್ಲಿ ನಿಧನರಾದರು. ತಕ್ಷಣ ಊರಿಗೆ ಹೊರಡಬೇಕಾಗಿ ಬಂದಿದ್ದರಿಂದ ಮುಂಚಿತವಾಗಿ ರಜೆ ಪತ್ರ ಸಲ್ಲಿಸಲು ಆಗಲಿಲ್ಲ. ವಿಷಯವನ್ನು 10ರ ಬೆಳಿಗ್ಗೆ ವಾಟ್ಸಾಪ್ ಮೂಲಕ ತಮ್ಮ ಗಮನಕ್ಕೆ ತಂದಿದ್ದೆ. ಅಂತ್ಯಕ್ರಿಯೆ ಮತ್ತು ಮೂರನೇ ದಿನದ ಕಾರ್ಯ ಮುಗಿಸಿ ಇಂದು ಕರ್ತವ್ಯಕ್ಕೆ ಹಾಜರಾಗಿದ್ದೇನೆ.

ಆದ್ದರಿಂದ ಮೇಲಿನ ಮೂರು ದಿನಗಳನ್ನು ಸಾಂದರ್ಭಿಕ ರಜೆಯೆಂದು ಪರಿಗಣಿಸಿ ಮಂಜೂರು ಮಾಡಬೇಕೆಂದು, ಕೇಂದ್ರಸ್ಥಾನ ಬಿಟ್ಟಿದ್ದಕ್ಕೆ ಅನುಮತಿ ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)

"ಮುಖಾಂತರ" ಅನ್ನುವ ಸಾಲನ್ನು ಹೊಸಬರು ಬಿಡುತ್ತಾರೆ. ನಡುವಿನ ಅಧಿಕಾರಿಯನ್ನು ದಾಟಿ ನೇರ ಮೇಲಕ್ಕೆ ಕೊಟ್ಟರೆ, ಒಳಗೆ ಎಷ್ಟೇ ವಿನಯದ ಮಾತಿದ್ದರೂ ಪತ್ರ ತಪ್ಪು ದಾರಿಯಲ್ಲಿ ಬಂದಿದೆ ಅಂತಲೇ ಲೆಕ್ಕ. "ಕೇಂದ್ರಸ್ಥಾನ" ಅಂದರೆ ನೌಕರರು ಕೆಲಸ ಮಾಡುವ ಊರು.

ಪತ್ರದಲ್ಲಿ ಆ ವಾಟ್ಸಾಪ್ ಸಂದೇಶದ ಉಲ್ಲೇಖ ಬಂದದ್ದರಿಂದ ಅದನ್ನೂ ನೋಡಿದೆ. "ಶುಭೋದಯ ಮೇಡಂ" ಅಂತ ಶುರು ಮಾಡಿ, ಕೆಳಗೆ ಸಾವಿನ ಸುದ್ದಿ ಬರೆದಿದ್ದಳು. ಸಾವಿನ ಸುದ್ದಿಯ ಪಕ್ಕ "ಶುಭ" ಅನ್ನೋದನ್ನು ನಮ್ಮ ಕಡೆ ಯಾರೂ ಇಡುವುದಿಲ್ಲ. "ನಮಸ್ಕಾರ ಮೇಡಂ. ನಿನ್ನೆ ರಾತ್ರಿ ನಮ್ಮ ಅಜ್ಜಿ ತೀರಿಕೊಂಡರು. ಊರಿಗೆ ಹೊರಟಿದ್ದೇನೆ. ಇಂದಿನಿಂದ ಬುಧವಾರದವರೆಗೆ ರಜೆ ಕೊಡಬೇಕೆಂದು ಕೋರುತ್ತೇನೆ. ಬಂದ ಮೇಲೆ ಪತ್ರ ಸಲ್ಲಿಸುತ್ತೇನೆ." ಇಷ್ಟಿದ್ದರೆ ಸಾಕಿತ್ತು. ಮೊಬೈಲಿನಲ್ಲಿ "ಮಾನ್ಯರೇ" ಬೇಡ, "ಮೇಡಂ" ಸಹಜ. "ತಾವು" ಕೂಡ ಅಲ್ಲಿ ಬಿಗಿಯಾಗುತ್ತದೆ.

ಮೇಡಂ ಆ ಮೂರು ದಿನದ ರಜೆಯ ಪತ್ರದ ಅಂಚಿನಲ್ಲಿ "ಮಂಜೂರು ಮಾಡಿದೆ" ಅಂತ ಬರೆದು ಅದೇ ಸಂಜೆ ಕಳಿಸಿದರು. 19ರ ರಜೆಯ ಪತ್ರವನ್ನು ಹುಡುಗಿ ಮಾರನೇ ದಿನ ತಾನೇ ಬರೆದು ತಂದಳು. ಅದರಲ್ಲಿ "ದಿನಾಂಕ 19-03-2025ರಂದು ಒಂದು ದಿನ" ಅಂತಿತ್ತು. ಆ ದಿನ ತನ್ನ ಕಡತಗಳನ್ನು ಯಾವ ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ ಅಂತಲೂ ಒಂದು ಸಾಲು ಸೇರಿಸಿದ್ದಳು. ಅದನ್ನು ನಾನು ಹೇಳಿರಲಿಲ್ಲ. ಒಂದು ಕಡೆ ಮಾತ್ರ "ನಿಮ್ಮ" ನುಸುಳಿತ್ತು, ತೋರಿಸಿದೆ, ತಿದ್ದಿದಳು.

ಆಕೆಯ ತಮ್ಮ ಕೋಲಾರದ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಾನೆ. ಅವನಿಗೂ ಇದೇ ಪತ್ರ ನಡೆಯುತ್ತದಾ ಅಂತ ಕೇಳಿದಳು. ಅಲ್ಲಿ "ಮುಖಾಂತರ", "ಕೇಂದ್ರಸ್ಥಾನ" ಎರಡೂ ಬೇಕಿಲ್ಲ. ರಜೆಯ ಹೆಸರೂ ಕಂಪನಿಯವರು ಇಟ್ಟದ್ದೇ ಬರೆಯಬೇಕು. ಸೂಪರ್‌ವೈಸರ್ ಇವನ ವಯಸ್ಸಿನವರೇ ಆಗಿದ್ದು ದಿನಾ ಜೊತೆಗೆ ಊಟ ಮಾಡುವವರಾದರೆ "ಮಾನ್ಯರೇ" ಬದಲು "ಸರ್," ಅಂತ ಶುರು ಮಾಡಿ "ನೀವು" ಅಂತಲೇ ಬರೆದರೂ ನಡೆಯುತ್ತದೆ. ಅದೇ ಪತ್ರ ಎಚ್‌ಆರ್ ವಿಭಾಗಕ್ಕೂ ಹೋಗುವುದಾದರೆ "ಮಾನ್ಯರೇ" ಇರಲಿ, ಯಾಕಂದರೆ ಅಲ್ಲಿ ಓದುವವರು ಯಾರು ಅಂತ ಅವನಿಗೆ ಗೊತ್ತಿರುವುದಿಲ್ಲ. "ಮಂಜೂರು ಮಾಡಬೇಕೆಂದು ಕೋರುತ್ತೇನೆ" ಮಾತ್ರ ಎರಡು ಕಡೆಯೂ ಹಾಗೇ ಇರಬೇಕು ಅಂತ ಹೇಳಿಕಳಿಸಿದೆ.